ಒಂದೇ ಮಗು, ಎರಡು ಎತ್ತರ

ಹೋದ ತಿಂಗಳು ಅಳೆದಾಗ ನಾಲ್ಕು ವರ್ಷದ ಮಗುವಿನ ಎತ್ತರ 101.4 ಸೆಂಟಿಮೀಟರ್. ಈ ತಿಂಗಳು ಬೇರೊಬ್ಬರು ಅಳೆದರು, 101.0 ಬಂತು. ಮಗು ಕುಗ್ಗಿತೇ ಎಂದು ತಾಯಿ ಗಾಬರಿಪಡುವುದು ಸಹಜ. ಆದರೆ ಮಗು ಕುಗ್ಗಿಲ್ಲ. ಈ ವಯಸ್ಸಿನಲ್ಲಿ ತಿಂಗಳ ಬೆಳವಣಿಗೆಯೇ ಸುಮಾರು ಅರ್ಧ ಸೆಂಟಿಮೀಟರ್. ಹಿಮ್ಮಡಿ ಗೋಡೆಗೆ ಸರಿಯಾಗಿ ತಾಗದಿದ್ದರೆ, ಗಲ್ಲ ಸ್ವಲ್ಪ ಮೇಲೆದ್ದಿದ್ದರೆ, ಅಷ್ಟು ವ್ಯತ್ಯಾಸ ಅಳೆಯುವಾಗಲೇ ಬಂದುಬಿಡುತ್ತದೆ.

ಇಬ್ಬರ ಅಳತೆಗಳು ಎಷ್ಟು ಹೊಂದುತ್ತವೆ ಎಂದು ತಿಳಿಯಲು ಮಾನವಮಿತಿ ತಜ್ಞರು ‘ತಾಂತ್ರಿಕ ಅಳತೆ ದೋಷ’ವನ್ನು ಲೆಕ್ಕ ಹಾಕುತ್ತಾರೆ. ಒಂದು ಉದಾಹರಣೆ ನೋಡೋಣ. ಇಬ್ಬರು ಒಂದೇ ದಿನ, ಒಬ್ಬರ ಅಂಕಿ ಇನ್ನೊಬ್ಬರು ನೋಡದಂತೆ, ಐದು ಮಕ್ಕಳನ್ನು ಅಳೆದರು. ಮೊದಲನೆಯವರಿಗೆ ಸಿಕ್ಕಿದ್ದು 98.2, 101.5, 96.4, 104.0, 99.3. ಎರಡನೆಯವರಿಗೆ 98.7, 100.9, 96.6, 104.3, 98.9. ಇಬ್ಬರ ಸರಾಸರಿಯೂ 99.88! ಎಷ್ಟು ಚೆನ್ನಾಗಿ ಹೊಂದಿತು ಎಂದುಕೊಂಡರೆ ಮೋಸ ಹೋದಂತೆ. ಹೆಚ್ಚು, ಕಡಿಮೆಗಳು ಒಂದನ್ನೊಂದು ಅಳಿಸಿಹಾಕಿವೆ, ಅಷ್ಟೆ.

ಆದ್ದರಿಂದ ಪ್ರತಿ ಮಗುವಿನ ವ್ಯತ್ಯಾಸವನ್ನು ವರ್ಗ ಮಾಡಬೇಕು. 0.5, 0.6, 0.2, 0.3, 0.4ರ ವರ್ಗಗಳ ಮೊತ್ತ 0.90. ಇದನ್ನು ಮಕ್ಕಳ ಸಂಖ್ಯೆಯ ಇಮ್ಮಡಿಯಿಂದ, ಅಂದರೆ 10ರಿಂದ ಭಾಗಿಸಿದರೆ 0.09. ಇಮ್ಮಡಿ ಏಕೆಂದರೆ, ಪ್ರತಿ ವ್ಯತ್ಯಾಸದಲ್ಲೂ ಇಬ್ಬರ ತಪ್ಪೂ ಸೇರಿರುತ್ತದೆ. ಇದರ ವರ್ಗಮೂಲ 0.3 ಸೆಂ.ಮೀ. ಇದೇ ತಾಂತ್ರಿಕ ಅಳತೆ ದೋಷ. ಇದನ್ನು ಸುಮಾರು 2.8ರಿಂದ ಗುಣಿಸಿದರೆ 0.8 ಆಗುತ್ತದೆ. ಇಬ್ಬರ ಅಂಕಿಗಳ ವ್ಯತ್ಯಾಸ ನೂರಕ್ಕೆ 95 ಸಲ ಇದರೊಳಗೇ ಇರುತ್ತದೆ. ಮೇಲಿನ ತಾಯಿ ಕಂಡ 0.4 ಸೆಂ.ಮೀ. ಇಳಿಕೆಯೂ ಇದರೊಳಗಿನದೇ. (ಐದು ಮಕ್ಕಳು ಲೆಕ್ಕ ತೋರಿಸಲು ಮಾತ್ರ. ನಿಜವಾದ ಪರೀಕ್ಷೆಗೆ ಹತ್ತಿಪ್ಪತ್ತು ಮಕ್ಕಳಾದರೂ ಬೇಕು.)

ಕೆಲವರು ಸಹಸಂಬಂಧ ಗುಣಾಂಕ ನೋಡಿ ತೃಪ್ತರಾಗುತ್ತಾರೆ. ಅದು ಇಲ್ಲಿ ತೀರಾ ಸಾಲದು. ಒಬ್ಬರು ಪ್ರತಿ ಸಲವೂ ಸರಿಯಾಗಿ 1 ಸೆಂ.ಮೀ. ಹೆಚ್ಚು ಓದಿದರೂ ಆ ಗುಣಾಂಕ ಪೂರ್ತಿ 1 ಎಂದೇ ಹೇಳುತ್ತದೆ. ಅಳತೆ ದೋಷ ಮಾತ್ರ 0.7ಕ್ಕೆ ಏರಿರುತ್ತದೆ. ಆಗ ವ್ಯತ್ಯಾಸಗಳ ಚಿಹ್ನೆ ಗಮನಿಸಬೇಕು. ಎಲ್ಲವೂ ಒಂದೇ ಕಡೆಗಿದ್ದರೆ ಒಬ್ಬರ ಪದ್ಧತಿಯಲ್ಲೇ ಓರೆಯಿದೆ, ತಿದ್ದಬಹುದು. ಎರಡೂ ಕಡೆ ಚೆದುರಿದ್ದರೆ ಇನ್ನಷ್ಟು ಅಭ್ಯಾಸ ಬೇಕು.

ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ದೆಹಲಿಯೂ ಸೇರಿ ಆರು ದೇಶಗಳ ಊರುಗಳಲ್ಲಿ ಮಕ್ಕಳ ಬೆಳವಣಿಗೆಯ ಅಧ್ಯಯನ ನಡೆಸಿತು. ಅಲ್ಲಿ ಪ್ರತಿ ಮಗುವನ್ನೂ ಇಬ್ಬರು ಬೇರೆ ಬೇರೆಯಾಗಿ ಅಳೆಯುತ್ತಿದ್ದರು. ಎತ್ತರದಲ್ಲಿ 7 ಮಿಲಿಮೀಟರ್‌ಗಿಂತ ಹೆಚ್ಚು ಅಂತರ ಬಂದರೆ ಇಬ್ಬರೂ ಮತ್ತೆ ಅಳೆಯಬೇಕಿತ್ತು.

ಇಷ್ಟಾದರೂ ಯಾರದು ಸರಿ ಎಂದು ಈ ಲೆಕ್ಕ ಹೇಳುವುದಿಲ್ಲ. ಅಳತೆಪಟ್ಟಿಯನ್ನೇ ಗೋಡೆಗೆ 1 ಸೆಂ.ಮೀ. ಮೇಲೆ ಹೊಡೆದಿದ್ದರೆ ಇಬ್ಬರ ಅಂಕಿಯೂ ಚೆನ್ನಾಗಿ ಹೊಂದುತ್ತದೆ, ಇಬ್ಬರದೂ ತಪ್ಪಾಗಿರುತ್ತದೆ. ಅದನ್ನು ಹಿಡಿಯಲು ಉದ್ದ ಗೊತ್ತಿರುವ ಒಂದು ಕೋಲನ್ನು ಅದೇ ಗೋಡೆಗೆ ನಿಲ್ಲಿಸಿ ಅಳೆದು ನೋಡಬೇಕು.