ಜಿಮ್ ಮುಗಿಸಿ ಬಂದ ರಾತ್ರಿ ತಟ್ಟೆಯಲ್ಲಿ ಎಷ್ಟಿರಬೇಕು?

ನಾನು ಡಯಟಿಷಿಯನ್ ಅಂತ ಗೊತ್ತಾದ ಕೂಡಲೇ ಮದುವೆಮನೆಯಲ್ಲೂ ಎದುರಾಗುವ ಪ್ರಶ್ನೆ ಒಂದಿದೆ: “ಜಿಮ್ ಮುಗಿದ ಅರ್ಧ ಗಂಟೆಯೊಳಗೆ ಪ್ರೋಟೀನ್ ತಗೊಳ್ಳದಿದ್ರೆ ಮಾಡಿದ್ದೆಲ್ಲಾ ವೇಸ್ಟಂತೆ, ಹೌದಾ?” ಇಲ್ಲ, ವೇಸ್ಟ್ ಆಗಲ್ಲ. ಭಾರ ಎತ್ತಿ ದಣಿದ ಸ್ನಾಯು ಮುಂದಿನ ಒಂದು ದಿನದವರೆಗೂ ಪ್ರೋಟೀನನ್ನು ಎಂದಿಗಿಂತ ಚೆನ್ನಾಗಿ ಬಳಸಿಕೊಳ್ಳುತ್ತದೆ. ಹಾಗಂತ ಹೊತ್ತಿಗೆ ಬೆಲೆಯೇ ಇಲ್ಲ ಅಂತಲೂ ಅಲ್ಲ. ಯಾವಾಗ ತಿನ್ನಬೇಕು ಅನ್ನೋದನ್ನು ಹೇಳುವುದು ಜಿಮ್ಮಿನ ಗಡಿಯಾರವಲ್ಲ. ಅದಕ್ಕೂ ಮುಂಚೆ ನೀವು ಊಟ ಮಾಡಿದ್ದು ಯಾವಾಗ, ಮುಂದಿನ ಸಲ ಮೈ ದಣಿಸೋದು ಯಾವಾಗ ಅನ್ನುವ ಎರಡು ಲೆಕ್ಕಗಳು.

ನನ್ನ ಚಿಕ್ಕಮ್ಮನ ಮಗನ ದಿನಚರಿಯನ್ನೇ ನೋಡಿ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ, ತೂಕ 70 ಕೆ.ಜಿ. ಮಧ್ಯಾಹ್ನ ಒಂದಕ್ಕೆ ಊಟ. ಆಮೇಲೆ ಎರಡು ಕಾಫಿ ಬಿಟ್ಟರೆ ಏನೂ ಇಲ್ಲ. ಏಳಕ್ಕೆ ಜಿಮ್, ಎಂಟೂಕಾಲಿಗೆ ಮುಗಿಯುತ್ತೆ. ಟ್ರಾಫಿಕ್ ದಾಟಿ ಮನೆ ಸೇರಿ, ಸ್ನಾನ ಮಾಡಿ ತಟ್ಟೆ ಮುಂದೆ ಕೂರುವಾಗ ರಾತ್ರಿ ಹತ್ತು. “ಅಕ್ಕಾ, ಮೂರು ತಿಂಗಳಾಯ್ತು, ಎತ್ತೋ ತೂಕ ಏರ್ತಾನೇ ಇಲ್ಲ” ಅಂತ ಫೋನ್ ಮಾಡಿದ್ದ. ರಾತ್ರಿ ಏನು ತಿಂತೀಯೋ ಅಂದೆ. ಎರಡು ಕಪ್ ಅನ್ನ, ತಿಳಿಸಾರು, ಸ್ವಲ್ಪ ಪಲ್ಯ, ಒಂದು ಲೋಟ ಮಜ್ಜಿಗೆ.

ಹೊಟ್ಟೆ ತುಂಬುವ ಊಟ, ಅನುಮಾನವೇ ಇಲ್ಲ. ಈಗ ಲೆಕ್ಕ ಹಾಕೋಣ. ಬೇಯಿಸಿದ ಅನ್ನ ಒಂದು ಕಪ್ ಅಂದರೆ ಸುಮಾರು 150 ಗ್ರಾಂ. ಅದರಲ್ಲಿ 42 ಗ್ರಾಂ ಕಾರ್ಬೋಹೈಡ್ರೇಟ್, 4 ಗ್ರಾಂ ಪ್ರೋಟೀನ್. ಎರಡು ಕಪ್ ಅನ್ನದ ಜೊತೆ ಉಳಿದದ್ದೆಲ್ಲ ಸೇರಿದರೆ ಕಾರ್ಬ್ 90 ಗ್ರಾಂ ದಾಟುತ್ತದೆ, ಪ್ರೋಟೀನ್ ಮಾತ್ರ 15ರ ಆಸುಪಾಸಲ್ಲೇ ನಿಲ್ಲುತ್ತದೆ. ತಿಳಿಸಾರಿನಲ್ಲಿ ಬೇಳೆ ಇದೆಯಲ್ಲ ಅಂತೀರಾ? ಬೇಳೆ ಪಾತ್ರೆಯ ತಳದಲ್ಲಿದೆ, ಸೌಟು ಮೇಲಿದೆ.

ಹಾಗಾದರೆ ಎಷ್ಟು ಬೇಕು? 2009ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಭಾರ ಎತ್ತಿ ಮುಗಿಸಿದ ಯುವಕರಿಗೆ ಬೇರೆ ಬೇರೆ ಪ್ರಮಾಣದ ಮೊಟ್ಟೆಯ ಪ್ರೋಟೀನ್ ಕೊಟ್ಟು ನೋಡಿದರು. ಸ್ನಾಯು ಕಟ್ಟುವ ಕೆಲಸ 20 ಗ್ರಾಂವರೆಗೆ ಏರಿತು. 40 ಕೊಟ್ಟಾಗ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಅವರು ಮಾಡಿದ್ದು ಕಾಲಿನ ವ್ಯಾಯಾಮ ಮಾತ್ರ. ಇಡೀ ಮೈ ದಂಡಿಸಿದಾಗ ಇನ್ನೂ ಸ್ವಲ್ಪ ಹೆಚ್ಚು ಕೊಟ್ಟರೆ ಅನುಕೂಲ ಅಂತ ಆಮೇಲಿನ ಅಧ್ಯಯನಗಳು ತೋರಿಸಿವೆ. ಹಾಗಾಗಿ ನಾನು ಹಿಡಿಯೋ ಲೆಕ್ಕ ಇದು: ಮೊಟ್ಟೆ, ಹಾಲು, ಮೀನು, ಚಿಕನ್ ತಿನ್ನುವವರಿಗೆ ಒಂದು ಕೆ.ಜಿ. ದೇಹತೂಕಕ್ಕೆ 0.3 ಗ್ರಾಂ, ಹೆಚ್ಚಾಗಿ ಬೇಳೆಕಾಳನ್ನೇ ನಂಬಿದವರಿಗೆ 0.4 ಗ್ರಾಂ. ಸ್ನಾಯುವಿನ ಕೆಲಸಕ್ಕೆ ಚಾಲನೆ ಕೊಡುವ ಲ್ಯೂಸಿನ್ ಅನ್ನೋ ಅಂಶ ಬೇಳೆಯ ಪ್ರೋಟೀನಿನಲ್ಲಿ ಕಡಿಮೆ, ಅದಕ್ಕೇ ಈ ಹೆಚ್ಚುವರಿ. ನಮ್ಮ ಹುಡುಗನಿಗೆ 21ರಿಂದ 28 ಗ್ರಾಂ ಬೇಕಾಯ್ತು. ಕಾರ್ಬ್ ಕೆ.ಜಿ.ಗೆ 1 ಗ್ರಾಂ, ಅಂದರೆ 70.

ಇದಕ್ಕೆ ಚಿಕ್ಕಮ್ಮನ ಅಡುಗೆಮನೆಯನ್ನು ಬುಡಮೇಲು ಮಾಡಬೇಕಿಲ್ಲ. ಅನ್ನ ಒಂದೇ ಕಪ್. ತಿಳಿಸಾರಿನ ಜಾಗದಲ್ಲಿ ಅವನೊಬ್ಬನ ಪಾಲಿಗೇ 50 ಗ್ರಾಂ ತೊಗರಿಬೇಳೆ ಬಿದ್ದ ಗಟ್ಟಿ ತೊವ್ವೆ; ಅದರಿಂದ ಪ್ರೋಟೀನ್ 11, ಕಾರ್ಬ್ 30. ಮಜ್ಜಿಗೆಯ ಬದಲು 200 ಗ್ರಾಂ ಮೊಸರು. ಪ್ರೋಟೀನ್ 7, ಕಾರ್ಬ್ 9. ಒಟ್ಟು 22 ಗ್ರಾಂ ಪ್ರೋಟೀನ್, 81 ಗ್ರಾಂ ಕಾರ್ಬ್. ಮೇಲೊಂದು ಬೇಯಿಸಿದ ಮೊಟ್ಟೆ ಇಟ್ಟರೆ ಇನ್ನೊಂದು 6 ಸೇರಿ ಪ್ರೋಟೀನ್ 28 ಆಯ್ತು. ಮೊಟ್ಟೆ ಒಳಗೆ ಬಿಟ್ಟುಕೊಳ್ಳದ ಮನೆಯಾದರೆ 40 ಗ್ರಾಂ ಪನೀರ್ ಅದೇ ಕೆಲಸ ಮಾಡುತ್ತೆ. 50 ಗ್ರಾಂ ಅಂದಿದ್ದು ಹಸಿ ಬೇಳೆಯ ತೂಕ, ಬೆಂದದ್ದಲ್ಲ. ಬೆಂದ ಬೇಳೆ ತೂಗಿ 50 ಗ್ರಾಂ ಅಂದುಕೊಂಡವರಿಗೆ ಪ್ರೋಟೀನ್ ಅರ್ಧಕ್ಕಿಂತಲೂ ಕಡಿಮೆ ಸಿಗುತ್ತದೆ. ಹಾಗೇ 100 ಗ್ರಾಂ ಪನೀರ್ ಅಂದರೆ 100 ಗ್ರಾಂ ಪ್ರೋಟೀನ್ ಅಲ್ಲ, ಸುಮಾರು 18. ಈ ಗೊಂದಲ ನಾನು ವಾರಕ್ಕೊಮ್ಮೆಯಾದರೂ ಕೇಳ್ತೀನಿ.

ಇನ್ನು ಹೊತ್ತಿನ ವಿಷಯ. ಅವನಿಗೆ ಚಿಂತೆ ಇದ್ದದ್ದು ಎಂಟೂಕಾಲರಿಂದ ಹತ್ತರವರೆಗಿನ ತಡದ ಬಗ್ಗೆ. ನನ್ನ ಕಣ್ಣಿಗೆ ಬಿದ್ದದ್ದು ಒಂದರಿಂದ ಹತ್ತರವರೆಗಿನ ಒಂಬತ್ತು ಗಂಟೆ. ಒಂದು ಒಳ್ಳೆಯ ಊಟದ ಪ್ರೋಟೀನ್ ರಕ್ತದಲ್ಲಿ ನಾಲ್ಕೈದು ಗಂಟೆ ಓಡಾಡುತ್ತಿರುತ್ತದೆ. ಜಿಮ್ಮಿಗೆ ಒಂದೂವರೆ ಗಂಟೆ ಮುಂಚೆ ಏನಾದರೂ ತಿಂದಿದ್ದರೆ, ಡಂಬೆಲ್ ಕೆಳಗಿಟ್ಟಾಗಲೂ ಅದು ಕೆಲಸದಲ್ಲಿರುತ್ತೆ. ಆಮೇಲೆ ಊಟ ಹತ್ತಕ್ಕಾದರೂ ನಷ್ಟವಿಲ್ಲ. ಏನೂ ತಿನ್ನದೆ ಹೋದವನ ಸ್ನಾಯುವಿಗೆ ಮಾತ್ರ ಆ ಹೊತ್ತಿನಲ್ಲಿ ಕಟ್ಟಿಕೊಳ್ಳಲು ಸಾಮಗ್ರಿ ಇರುವುದಿಲ್ಲ.

ಅದಕ್ಕೇ ಸಂಜೆ ಐದೂವರೆಗೆ 50 ಗ್ರಾಂ ಹುರಿಗಡಲೆ, ಒಂದು ಲೋಟ ಹಾಲು ತಗೋ ಅಂದೆ. 17 ಗ್ರಾಂ ಪ್ರೋಟೀನ್ ಆಗುತ್ತೆ. ಹುರಿಗಡಲೆ ತಿಂದು ಸ್ಕ್ವಾಟ್ ಮಾಡೋಕೆ ಹೊಟ್ಟೆ ಭಾರ ಅನ್ನಿಸಿದರೆ ಎರಡು ಮೊಟ್ಟೆ. ಮೀಟಿಂಗಿನಲ್ಲಿ ಸಿಕ್ಕಿಹಾಕಿಕೊಂಡು ಅದೂ ತಪ್ಪಿದ ದಿನ ಮಾತ್ರ ಜಿಮ್ ಮುಗಿದ ಕೂಡಲೇ ಏನಾದರೂ ಬೇಕು, ಮನೆ ಸೇರೋವರೆಗೆ ಕಾಯಬಾರದು. ಡಬ್ಬದ ಪೌಡರ್‌ಗೆ ಅರ್ಥ ಇರೋದು ಇಂಥ ದಿನವೇ: ಬ್ಯಾಗಲ್ಲಿ ಕೆಡುವುದಿಲ್ಲ ಅನ್ನುವುದು ಅದರ ದೊಡ್ಡ ಗುಣ.

ಕಾರ್ಬ್ ಕಥೆ ಬೇರೆ. ಸ್ನಾಯು ತನ್ನೊಳಗೆ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇಟ್ಟುಕೊಂಡಿರುತ್ತದೆ, ವ್ಯಾಯಾಮದಲ್ಲಿ ಅದನ್ನು ಸುಡುತ್ತದೆ. ಒಂದು ಗಂಟೆಯ ವೇಟ್ ಟ್ರೇನಿಂಗ್ ಅದನ್ನು ಪೂರ್ತಿ ಖಾಲಿ ಮಾಡೋದಿಲ್ಲ, ಮೂರನೇ ಒಂದು ಭಾಗದಷ್ಟು ಅಂತಿಟ್ಟುಕೊಳ್ಳಿ. 1988ರಲ್ಲಿ ಅಮೆರಿಕದ ಜಾನ್ ಐವಿ ಮತ್ತು ಜೊತೆಗಾರರು ಸೈಕಲ್ ತುಳಿದು ದಣಿದವರಿಗೆ ಒಮ್ಮೆ ತಕ್ಷಣ, ಇನ್ನೊಮ್ಮೆ ಎರಡು ಗಂಟೆ ತಡವಾಗಿ ಕಾರ್ಬ್ ಕೊಟ್ಟರು. ತಡವಾದಾಗ ದಾಸ್ತಾನು ತುಂಬುವ ವೇಗ ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು. ಜಿಮ್ಮುಗಳಲ್ಲಿ ಹೆದರಿಸೋದು ಇದನ್ನೇ ಹಿಡಿದುಕೊಂಡು. ಆದರೆ ಇನ್ನೊಂದು ಅಧ್ಯಯನದಲ್ಲಿ ಎಂಟು ಗಂಟೆಯ ನಂತರ, ಮಾರನೇ ದಿನ ಅಳೆದಾಗ ಇಬ್ಬರ ದಾಸ್ತಾನೂ ಸಮವಾಗಿತ್ತು. ಸೋಮವಾರ ರಾತ್ರಿ ಜಿಮ್ ಮಾಡಿ ಮತ್ತೆ ಬುಧವಾರ ಹೋಗುವವರಿಗೆ ಕಾರ್ಬ್ ಒಂಬತ್ತಕ್ಕೋ ಹತ್ತಕ್ಕೋ ಅನ್ನೋದು ಲೆಕ್ಕಕ್ಕೇ ಬರೋದಿಲ್ಲ.

ಲೆಕ್ಕಕ್ಕೆ ಬರೋದು ನಮ್ಮ ಹುಡುಗನ ಶನಿವಾರ. ಅವತ್ತು ರಾತ್ರಿ ಒಂಬತ್ತರವರೆಗೆ ಕಾಲಿನ ವ್ಯಾಯಾಮ, ಭಾನುವಾರ ಬೆಳಿಗ್ಗೆ ಐದಕ್ಕೇ ಗೆಳೆಯರ ಜೊತೆ ಹದಿನೈದು ಕಿಲೋಮೀಟರ್ ಓಟ. ನಡುವೆ ಎಂಟೇ ಗಂಟೆ, ಅದರಲ್ಲಿ ಮುಕ್ಕಾಲು ಪಾಲು ನಿದ್ದೆ. ಇಲ್ಲಿ ತಡ ಮಾಡುವಂತಿಲ್ಲ. ಮೊದಲ ಕೆಲವು ಗಂಟೆ, ಗಂಟೆಗೊಮ್ಮೆ ಕೆ.ಜಿ.ಗೆ 1 ಗ್ರಾಂ ಕಾರ್ಬ್ ಅನ್ನೋದು ಕ್ರೀಡಾಪಟುಗಳಿಗೆ ಹೇಳುವ ಪ್ರಮಾಣ. ಜಿಮ್ ಬಾಗಿಲಲ್ಲೇ ಎರಡು ಪಚ್ಚಬಾಳೆ, ಪಕ್ಕದಲ್ಲಿ ಒಂದು ಲೋಟ ಕಬ್ಬಿನ ಹಾಲು, ಅಲ್ಲಿಗೆ 70ರಷ್ಟಾಯ್ತು. ಮನೆಗೆ ಬಂದು ಅದೇ ತೊವ್ವೆ ಮೊಸರಿನ ಊಟ, ಆದರೆ ಅನ್ನ ಎರಡು ಕಪ್. ಆ ರಾತ್ರಿ ಬಿರಿಯಾನಿ ಬೇಡ ಅಂದೆ. ಜಿಡ್ಡು ಹೆಚ್ಚಾದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತೆ, ಓಡುವಾಗ ಗೊತ್ತಾಗುತ್ತೆ.

ಸಾಲುತ್ತಿದೆಯೋ ಇಲ್ಲವೋ ಅಂತ ಮೈಕೈ ನೋವು ನೋಡಿ ತೀರ್ಮಾನಿಸಬೇಡಿ. ಚೆನ್ನಾಗಿ ತಿಂದವರಿಗೂ ನೋವಿರುತ್ತೆ. ಫೋನಿನಲ್ಲಿ ಬರೆದಿಟ್ಟುಕೊಳ್ಳಿ: ಅದೇ ತೂಕವನ್ನು ಮೂರನೇ, ನಾಲ್ಕನೇ ಸೆಟ್ಟಿನಲ್ಲಿ ಎಷ್ಟು ಸಲ ಎತ್ತಿದಿರಿ ಅಂತ. ನಿದ್ದೆ ಸರಿಯಿದ್ದೂ ಎರಡು ಮೂರು ವಾರ ಆ ಸಂಖ್ಯೆ ಇಳಿಯುತ್ತಿದ್ದರೆ ಮೊದಲು ಸಂಜೆಯ ತಿಂಡಿ ನೋಡಿ, ಆಮೇಲೆ ಇಡೀ ದಿನದ ಪ್ರೋಟೀನ್ ಕೂಡಿಸಿ. ಕೆ.ಜಿ.ಗೆ 1.6 ಗ್ರಾಂ, ಅಂದರೆ ಅವನಿಗೆ 112 ಗ್ರಾಂ ದಿನಕ್ಕೆ ಬೇಕು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು ತಿಂದವನಿಗೆ ರಾತ್ರಿಯ ಒಂದು ತಟ್ಟೆ ಅದನ್ನು ತುಂಬಿಕೊಡಲಾರದು. ಕಿಡ್ನಿ ತೊಂದರೆ ಇರುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಇಲ್ಲಿರುವ ಗ್ರಾಂಗಳನ್ನು ಬದಿಗಿಟ್ಟು ತಮ್ಮ ಡಾಕ್ಟರ್ ಹತ್ತಿರವೇ ಅಳತೆ ಮಾಡಿಸಿಕೊಳ್ಳಬೇಕು.