ಓತಿಕೇತಕ್ಕೆ ಬೇಲಿಗೂಟ ಸಾಕ್ಷಿ

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಯಂತ್ರಗಳ ರಿಪೇರಿ, ಬಿಡಿಭಾಗಗಳ ಖರೀದಿ ನೋಡಿಕೊಳ್ಳುವವನು ನಾನು. ಎರಡು ವರ್ಷದ ಹಿಂದೆ ಒಂದು ಮೋಟಾರಿಗೆ 6205 ನಂಬರಿನ ಬೇರಿಂಗ್ ತಂದು ಹಾಕಿದೆವು. ಒಳವ್ಯಾಸ 25 ಮಿಲಿಮೀಟರ್, ಹೊರವ್ಯಾಸ 52. ಯಾವ ಬೇರಿಂಗ್ ಅಂಗಡಿಯಲ್ಲಾದರೂ ಸಿಗುವ ಮಾಲು. ವರ್ಷಗಟ್ಟಲೆ ಓಡಬೇಕಾದದ್ದು ಮೂರೇ ವಾರಕ್ಕೆ ಕಾದು ಕಿರುಗುಟ್ಟತೊಡಗಿತು. ಬಿಚ್ಚಿದರೆ ಗ್ರೀಸ್ ಸುಟ್ಟು ಕಪ್ಪಾಗಿತ್ತು, ಗುಂಡುಗಳ ಮೈ ಎದ್ದಿತ್ತು.

ಅದರ ಡಬ್ಬಿ ಇನ್ನೂ ರ‍್ಯಾಕಿನಲ್ಲಿತ್ತು. ಮುಚ್ಚಳದ ಮೇಲೆ ಹಾಲೋಗ್ರಾಮ್ ಸ್ಟಿಕ್ಕರ್, ಪಕ್ಕದಲ್ಲಿ ಕ್ಯೂಆರ್ ಕೋಡ್. ಫೋನ್ ಹಿಡಿದೆ. ಕಂಪನಿಯ ಲಾಂಛನ ಬಂತು, ಹಸಿರು ಟಿಕ್ ಬಂತು, ‘ಅಸಲಿ ಉತ್ಪನ್ನ’ ಎಂಬ ಸಾಲೂ ಬಂತು. ಅಧಿಕೃತ ಡೀಲರ್ ಕೊಟ್ಟ ಇನ್ನೊಂದು ಡಬ್ಬಿಯನ್ನು ಪಕ್ಕದಲ್ಲಿಟ್ಟು ನೋಡಿದ ಮೇಲೆಯೇ ವಿಷಯ ತಿಳಿದದ್ದು. ಫೋನಿನ ಪರದೆಯ ತಲೆಯಲ್ಲಿದ್ದ ವಿಳಾಸ ಕಂಪನಿಯದ್ದಲ್ಲ. ಕಂಪನಿಯ ಹೆಸರಿಗೆ ಒಂದು ಅಡ್ಡಗೆರೆ ಹಾಕಿ verify ಎಂದು ಸೇರಿಸಿದ್ದರು. ನಕಲಿ ಡಬ್ಬಿಯ ಕೋಡು ನಕಲಿಯವನದೇ ಪುಟಕ್ಕೆ ಕರೆದೊಯ್ದು, ಅವನ ಮಾಲಿಗೆ ಅವನಿಂದಲೇ ಸಾಕ್ಷಿ ಹೇಳಿಸಿತ್ತು. ಓತಿಕೇತಕ್ಕೆ ಬೇಲಿಗೂಟ ಸಾಕ್ಷಿ ಎಂದು ಹಿರಿಯರು ಹೇಳಿದ್ದು ಇದನ್ನೇ.

ಹಾಗಾದರೆ ಡಬ್ಬಿಯ ಮೇಲಿನ ಯಾವ ಗುರುತನ್ನು ನಂಬಬಹುದು? ನನಗೆ ಮನವರಿಕೆಯಾದದ್ದು ಇಷ್ಟು: ಕಣ್ಣಿಗೆ ಕಾಣುವ ಗುರುತು ತಾನಾಗಿ ಏನನ್ನೂ ಸಾಬೀತು ಮಾಡುವುದಿಲ್ಲ. ಅದನ್ನು ಯಾರ ಮುಂದೆ ಹಿಡಿದು ಕೇಳುತ್ತೇವೆ ಎನ್ನುವುದರಲ್ಲಿ, ಮತ್ತು ಒಮ್ಮೆ ಕೇಳಿದ ಮೇಲೆ ಅದು ಮತ್ತೆ ಚಲಾವಣೆಯಾಗದಂತೆ ಸಾಯುತ್ತದೆಯೇ ಎನ್ನುವುದರಲ್ಲಿ ಅದರ ಬಲವಿದೆ.

ಹಾಲೋಗ್ರಾಮನ್ನೇ ಮೊದಲು ನೋಡೋಣ. ಬೆಳಕಿಗೆ ಸ್ಪಂದಿಸುವ ಲೇಪದ ಮೇಲೆ ಲೇಸರಿನಿಂದಲೋ ಎಲೆಕ್ಟ್ರಾನ್ ಕಿರಣದಿಂದಲೋ ಅತಿ ಸಣ್ಣ ಗೆರೆಗಳನ್ನು ಮೂಡಿಸುತ್ತಾರೆ. ಒಂದು ಗೆರೆಗೂ ಇನ್ನೊಂದಕ್ಕೂ ನಡುವೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಅಂತರ. ಆ ಮೇಲ್ಮೈಯಿಂದ ನಿಕಲ್ ಲೋಹದ ಅಚ್ಚು ತೆಗೆದು, ತೆಳು ಪ್ಲಾಸ್ಟಿಕ್ ಹಾಳೆಗೆ ಒತ್ತಿ, ಅಲ್ಯೂಮಿನಿಯಂ ಪದರ ಕೊಟ್ಟು, ಹಿಂದೆ ಅಂಟು ಹಚ್ಚಿದರೆ ಸ್ಟಿಕ್ಕರ್ ಸಿದ್ಧ. ಮೊದಲ ಅಚ್ಚು ಮಾಡುವುದೇ ಕಷ್ಟ. ಆಮೇಲೆ ಲಕ್ಷ ಒತ್ತಿದರೂ ಒಂದೊಂದಕ್ಕೆ ಪೈಸೆಗಳ ಲೆಕ್ಕ. 1983ರಲ್ಲಿ ಮಾಸ್ಟರ್‌ಕಾರ್ಡ್ ತನ್ನ ಕಾರ್ಡಿನ ಮೇಲೆ ಹಾಲೋಗ್ರಾಮ್ ಹಾಕಿದಾಗ ಆ ಮೊದಲ ಅಚ್ಚು ಮಾಡಬಲ್ಲವರು ಬೆರಳೆಣಿಕೆಯಷ್ಟು ಜನ. ಭದ್ರತೆ ಇದ್ದದ್ದು ಆ ವಿರಳತೆಯಲ್ಲೇ ಹೊರತು ಹೊಳಪಿನಲ್ಲಲ್ಲ.

ಆ ವಿರಳತೆ ಈಗ ಇಲ್ಲ. ಕಂಪ್ಯೂಟರ್ ಹೇಳಿದಂತೆ ಚುಕ್ಕೆ ಚುಕ್ಕೆಯಾಗಿ ಹಾಲೋಗ್ರಾಮ್ ಬರೆಯುವ ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳು ಬಂದ ಮೇಲೆ ಅಚ್ಚಿನ ಖರ್ಚು ಇಳಿಯಿತು. ಇನ್ನೊಂದು ದಾರಿಯೂ ಇದೆ: ಅಸಲಿ ಸ್ಟಿಕ್ಕರಿನ ರಕ್ಷಣಾ ಪದರ ತೆಗೆದು, ಅದರ ಏರಿಳಿತದಿಂದಲೇ ಮರು ಅಚ್ಚು ಎರಕ ಹೊಯ್ಯುವುದು. ಆದರೆ ಮಾರುಕಟ್ಟೆಯ ನಕಲಿಗೆ ಅಷ್ಟು ಶ್ರಮವೂ ಬೇಡ, ಏಕೆಂದರೆ ಅದು ಅಸಲಿಯಂತೆಯೇ ಇರಬೇಕಾಗಿಲ್ಲ, ಹೊಳೆದರೆ ಸಾಕು. ನನ್ನ ಎರಡು ಡಬ್ಬಿಗಳ ಸ್ಟಿಕ್ಕರನ್ನು ಭೂತಗನ್ನಡಿಯಲ್ಲಿ ನೋಡಿದೆ. ಅಸಲಿಯನ್ನು ಎಡಕ್ಕೆ ವಾಲಿಸಿದರೆ ಲಾಂಛನ, ಬಲಕ್ಕೆ ವಾಲಿಸಿದರೆ ಅದು ಮಾಯವಾಗಿ ಅದೇ ಜಾಗದಲ್ಲಿ ಸಣ್ಣ ಅಕ್ಷರಗಳ ಸಾಲು. ನಕಲಿಯಲ್ಲಿ ಹೇಗೆ ತಿರುಗಿಸಿದರೂ ಅದೇ ಲಾಂಛನ, ಬಣ್ಣ ಮಾತ್ರ ಓಡಾಡುತ್ತದೆ. ಹತ್ತಿರದಿಂದ ನೋಡಿದರೆ ಅಕ್ಕಿಕಾಳಿನ ರಾಶಿಯಂತೆ ಚುಕ್ಕೆಗಳು. ಪಕ್ಕಪಕ್ಕದಲ್ಲಿಟ್ಟರೆ ಮಗುವಿಗೂ ತಿಳಿಯುವ ವ್ಯತ್ಯಾಸ. ಅಂಗಡಿಯ ಕಟ್ಟೆಯಲ್ಲಿ ಒಂದೇ ಡಬ್ಬಿ ಕೈಗೆ ಬಂದಾಗ ಯಾರಿಗೂ ತಿಳಿಯದ ವ್ಯತ್ಯಾಸ.

ನೋಟಿನ ವಿಷಯ ಹಾಗಲ್ಲ. 500 ರೂಪಾಯಿ ನೋಟನ್ನು ವಾಲಿಸಿದರೆ ಅದರ ಭದ್ರತಾ ದಾರ ಹಸಿರಿನಿಂದ ನೀಲಿಗೆ ತಿರುಗುತ್ತದೆ. ದೇಶಕ್ಕೆಲ್ಲ ಒಂದೇ ವಿನ್ಯಾಸ. ತರಕಾರಿ ಮಾರುವಾಕೆಯೂ ದಿನಕ್ಕೆ ಹತ್ತು ಸಲ ಮುಟ್ಟುವುದರಿಂದ ಬೆರಳಿಗೇ ಅದರ ಪರಿಚಯವಿದೆ. ಡಬ್ಬಿಯ ಹಾಲೋಗ್ರಾಮ್ ಕಂಪನಿಗೊಂದು ಬಗೆ. ಅಸಲಿ ಹೇಗಿರುತ್ತದೆ ಎಂದೇ ಗೊತ್ತಿಲ್ಲದವನ ಮುಂದೆ ಭದ್ರತಾ ಗುರುತು ಬರೀ ಅಲಂಕಾರ. ತಂತ್ರಜ್ಞಾನ ಸೋತದ್ದಕ್ಕಿಂತ ಹೆಚ್ಚಾಗಿ ಪರಿಚಯವಿಲ್ಲದ ಕಣ್ಣು ಸೋತಿದೆ.

ಈ ಕೊರತೆಯನ್ನು ಕ್ಯೂಆರ್ ಕೋಡ್ ತುಂಬುತ್ತದೆ ಎಂಬ ನಂಬಿಕೆ ಈಗ ವ್ಯಾಪಕವಾಗಿದೆ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯ ಮಸಾಹಿರೊ ಹಾರಾ ಮತ್ತು ಅವರ ಸಂಗಡಿಗರು ಇದನ್ನು ರೂಪಿಸಿದ್ದು ಕಾರು ಕಾರ್ಖಾನೆಯಲ್ಲಿ ಬಿಡಿಭಾಗಗಳ ಲೆಕ್ಕ ಇಡಲು. ಬೇಗ ಓದಬೇಕು, ಎಣ್ಣೆ, ಮಸಿ ಮೆತ್ತಿದರೂ ಓದಬೇಕು ಎಂಬುದು ಉದ್ದೇಶ. ಅದಕ್ಕಾಗಿಯೇ ಕೋಡಿನ ಗರಿಷ್ಠ ಶೇ. 30ರಷ್ಟು ಹಾಳಾದರೂ ಉಳಿದದ್ದರಿಂದ ಪೂರ್ತಿ ಮಾಹಿತಿ ಹೊರತೆಗೆಯುವ ಏರ್ಪಾಡು ಅದರಲ್ಲಿದೆ. ಶಾಪ್ ಫ್ಲೋರಿನಲ್ಲಿ ವರವಾದ ಈ ಗುಣವೇ ನಕಲು ಮಾಡುವವನಿಗೂ ವರ. ಮಸುಕಾದ ಜೆರಾಕ್ಸ್ ಪ್ರತಿಯನ್ನೂ ಅದು ತಾನೇ ತಿದ್ದಿಕೊಂಡು ಅಸಲಿಯಷ್ಟೇ ಶುದ್ಧವಾಗಿ ಓದಿಸುತ್ತದೆ. ಹಾಲೋಗ್ರಾಮಿನ ನಕಲಿನಲ್ಲಿ ಒಂದಿಷ್ಟು ನಷ್ಟವಾದರೂ ಆಗುತ್ತದೆ, ಕ್ಯೂಆರ್ ನಕಲಿನಲ್ಲಿ ಏನೂ ಆಗುವುದಿಲ್ಲ. ಒಳಗಿನ ಮಾಹಿತಿಗೆ ಕಂಪನಿಯ ಡಿಜಿಟಲ್ ಸಹಿ ಇದ್ದರೂ ಅಷ್ಟೆ: ಸಹಿ ಮಾಡಿದ ಪತ್ರದ ಜೆರಾಕ್ಸಿನಲ್ಲೂ ಸಹಿ ಇರುತ್ತದೆ.

ಔಷಧದ ಸ್ಟ್ರಿಪ್ಪನ್ನೇ ತೆಗೆದುಕೊಳ್ಳಿ. 2023ರ ಆಗಸ್ಟ್ 1ರಿಂದ ಕೇಂದ್ರ ಸರ್ಕಾರ 300 ಹೆಸರಾಂತ ಔಷಧ ಬ್ರ್ಯಾಂಡುಗಳ ಮೇಲೆ ಬಾರ್ ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ ಮಾಡಿದೆ. ಉತ್ಪನ್ನದ ಗುರುತಿನ ಸಂಖ್ಯೆ, ಔಷಧದ ಹೆಸರು, ತಯಾರಕರ ಹೆಸರು–ವಿಳಾಸ, ಬ್ಯಾಚ್ ನಂಬರ್, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕ, ಪರವಾನಗಿ ಸಂಖ್ಯೆ ಅದರಲ್ಲಿರಬೇಕು. ಆದರೆ ಒಂದೊಂದು ಸ್ಟ್ರಿಪ್‌ಗೆ ಒಂದೊಂದು ಪ್ರತ್ಯೇಕ ಕ್ರಮಸಂಖ್ಯೆ ಇರಬೇಕೆಂದು ಆ ನಿಯಮ ಕೇಳುವುದಿಲ್ಲ. ವೈಟ್‌ಫೀಲ್ಡಿನ ಮೆಡಿಕಲ್ ಶಾಪಿನಲ್ಲಿ ನೀವು ಸ್ಕ್ಯಾನ್ ಮಾಡಿದಾಗ ಈ ವಿವರ ಸರಿಯಾಗಿ ಬಂದರೆ, ಅಂಥ ಬ್ಯಾಚ್ ಎಲ್ಲೋ ಒಂದಿದೆ ಎಂದಷ್ಟೇ ಅರ್ಥ; ನಿಮ್ಮ ಕೈಯಲ್ಲಿರುವುದು ಅದೇ ಬ್ಯಾಚಿನದು ಎಂದಲ್ಲ. ಹಾಗೆಂದು ಇದು ನಿಷ್ಪ್ರಯೋಜಕವೂ ಅಲ್ಲ. ಅವಧಿ ತಿದ್ದಿ ಮತ್ತೆ ಅಚ್ಚು ಹಾಕಿದ ಸ್ಟ್ರಿಪ್ ಆದರೆ ಕೋಡಿನ ದಿನಾಂಕಕ್ಕೂ ಮುದ್ರಿತ ದಿನಾಂಕಕ್ಕೂ ತಾಳೆಯಾಗದೆ ಸಿಕ್ಕಿಬೀಳಬಹುದು. ಗುಣಮಟ್ಟ ಸರಿಯಿಲ್ಲದ ಬ್ಯಾಚುಗಳ ಪಟ್ಟಿಯನ್ನು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳು ಪ್ರಕಟಿಸುತ್ತದೆ. ಅದರೊಂದಿಗೆ ಹೋಲಿಸಲು ಬ್ಯಾಚ್ ನಂಬರ್ ಬೇಕು. ಇದು ಔಷಧದ ಜಾತಕವೇ ಹೊರತು ಬೆರಳಚ್ಚಲ್ಲ.

ಹಾಗಿದ್ದರೆ ಪ್ರತಿ ಡಬ್ಬಿಗೂ ಬೇರೆ ಬೇರೆ ಸಂಖ್ಯೆ ಕೊಟ್ಟು, ಸ್ಕ್ಯಾನ್ ಮಾಡಿದಾಗಲೆಲ್ಲ ಕಂಪನಿಯ ಸರ್ವರಿನಲ್ಲಿ ದಾಖಲಿಸಿದರೆ? ದಾರಿ ಸರಿಯಾದದ್ದೇ, ಆದರೆ ಲೆಕ್ಕ ಹಾಕಿ ನೋಡಬೇಕು. ನಕಲಿಯವನು 500 ಡಬ್ಬಿ ಬಿಡುತ್ತಾನೆ ಎಂದಿಟ್ಟುಕೊಳ್ಳೋಣ. ನೂರರಲ್ಲಿ ಒಬ್ಬ ಗಿರಾಕಿ ಸ್ಕ್ಯಾನ್ ಮಾಡುತ್ತಾನೆ ಎಂದರೆ ಐದು ಸ್ಕ್ಯಾನ್. ಅವನು ಒಂದೇ ಅಸಲಿ ಡಬ್ಬಿಯ ಸಂಖ್ಯೆಯನ್ನು ಐನೂರಕ್ಕೂ ಅಂಟಿಸಿದ್ದರೆ ಎರಡನೇ ಸ್ಕ್ಯಾನಿಗೇ ‘ಈ ಸಂಖ್ಯೆ ಹಿಂದೆಯೇ ಬಂದಿದೆ’ ಎಂದು ಸರ್ವರ್ ಕೂಗುತ್ತದೆ. ಆದರೆ ಅವನು ಐವತ್ತು ಅಸಲಿ ಡಬ್ಬಿಗಳ ಸಂಖ್ಯೆ ಕದ್ದು ಒಂದೊಂದನ್ನು ಹತ್ತತ್ತು ಡಬ್ಬಿಗೆ ಹಾಕಿದರೆ? ಐದು ಸ್ಕ್ಯಾನುಗಳಲ್ಲಿ ಎರಡು ಒಂದೇ ಸಂಖ್ಯೆಯ ಮೇಲೆ ಬೀಳುವ ಸಾಧ್ಯತೆ ಐದರಲ್ಲಿ ಒಂದಕ್ಕಿಂತ ಕಡಿಮೆ. ಗಿರಾಕಿಗಳು ಸ್ಕ್ಯಾನ್ ಮಾಡದಿದ್ದರೆ ಎಷ್ಟು ಒಳ್ಳೆಯ ಸಂಖ್ಯೆಯೂ ಮೂಕಸಾಕ್ಷಿ. ಸಾಲದ್ದಕ್ಕೆ ನಕಲಿ ಡಬ್ಬಿ ಮೊದಲು ಸ್ಕ್ಯಾನ್ ಆದರೆ ಅದಕ್ಕೇ ಹಸಿರು ನಿಶಾನೆ. ಆಮೇಲೆ ಬಂದ ಅಸಲಿಗೆ ಕೆಂಪು.

ಇದಕ್ಕೆ ಪರಿಹಾರ ಎರಡು ಕಡೆಯಿಂದ ಬಂದಿದೆ. ಒಂದು, ಸಂಖ್ಯೆಯನ್ನು ಉಜ್ಜಿ ತೆಗೆಯುವ ಬೂದು ಲೇಪದ ಕೆಳಗೆ ಅಡಗಿಸುವುದು. ಆಗ ಅಂಗಡಿಯಲ್ಲಿರುವ ಡಬ್ಬಿಯಿಂದ ಫೋಟೊ ತೆಗೆದು ಕದಿಯಲಾಗದು. ಇನ್ನೊಂದು, ತಪಾಸಣೆಯನ್ನು ಗಿರಾಕಿಯ ಇಷ್ಟಕ್ಕೆ ಬಿಡದೆ ಕೌಂಟರಿಗೇ ಕಟ್ಟುವುದು. ಯುರೋಪಿಯನ್ ಒಕ್ಕೂಟದಲ್ಲಿ 2019ರ ಫೆಬ್ರವರಿ 9ರಿಂದ ವೈದ್ಯರ ಚೀಟಿಯ ಔಷಧಗಳಿಗೆ ಹೀಗೇ ಮಾಡಿದ್ದಾರೆ: ಪ್ರತಿ ಪ್ಯಾಕಿಗೂ ಬೇರೆ ಸಂಖ್ಯೆ, ಜೊತೆಗೆ ತೆರೆದರೆ ತಿಳಿಯುವ ಮುದ್ರೆ; ಔಷಧ ಕೊಡುವಾಗ ಅಂಗಡಿಯವರೇ ಸ್ಕ್ಯಾನ್ ಮಾಡಿ ಆ ಸಂಖ್ಯೆಯನ್ನು ರದ್ದು ಮಾಡಬೇಕು. ಅಲ್ಲಿ ಗುರುತು ನಿಜವಾಗಿ ಸಾಯುತ್ತದೆ. ಅದೇ ಸಂಖ್ಯೆಯ ಎರಡನೇ ಪ್ಯಾಕ್ ಯಾವ ಕೌಂಟರಿಗೆ ಬಂದರೂ ಸಿಕ್ಕಿಬೀಳುತ್ತದೆ, ಗಿರಾಕಿ ಜಾಣನಾಗಿದ್ದರೂ ಇಲ್ಲದಿದ್ದರೂ.

ಹಾಗಾದರೆ ಸ್ಟಿಕ್ಕರುಗಳನ್ನೇ ಬಿಟ್ಟುಬಿಡೋಣವೇ ಎಂದು ಕೇಳಬಹುದು. ಬೇಡ, ಆದರೆ ಅದರಿಂದ ಆಗುವ ಕೆಲಸವನ್ನೇ ಅದಕ್ಕೆ ಕೊಡಬೇಕು. ಕಿತ್ತರೆ ಜೇನುಗೂಡಿನಂತೆ ಚೂರಾಗುವ ಸ್ಟಿಕ್ಕರ್ ಒಳ್ಳೆಯ ಬೀಗಮುದ್ರೆ: ಅಸಲಿ ಡಬ್ಬಿ ತೆರೆದು ಬೇರೆ ಮಾಲು ತುಂಬಿದ್ದನ್ನು ಅದು ತೋರಿಸಿಕೊಡುತ್ತದೆ. ಡಬ್ಬಿಯೇ ನಕಲಿಯಾದಾಗ ಅದಕ್ಕೆ ಬಾಯಿಲ್ಲ.

ನಕಲಿ ನಿಜವಾಗಿ ಹೇಗೆ ಸಿಕ್ಕಿಬೀಳುತ್ತದೆ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಒಂದು ಉದಾಹರಣೆಯಿದೆ. ಮೈಸೂರು ಸ್ಯಾಂಡಲ್ ಸೋಪ್ ತಯಾರಿಸುವ ಸರ್ಕಾರಿ ಕಾರ್ಖಾನೆ ಯಶವಂತಪುರದ ಬಳಿ, ಪೀಣ್ಯಕ್ಕೆ ಹೋಗುವ ತುಮಕೂರು ರಸ್ತೆಗೆ ಹತ್ತಿರದಲ್ಲೇ ಇದೆ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಅದರ ನಕಲಿ ತಯಾರಿಸುತ್ತಿದ್ದ ಜಾಲ ಪತ್ತೆಯಾಗಿ ಸುಮಾರು 2 ಕೋಟಿ ರೂಪಾಯಿಯ ಮಾಲು ವಶವಾಯಿತು. ಸಂಸ್ಥೆಯವರು ಗಿರಾಕಿಗಳಂತೆ ಮಾಲು ಖರೀದಿಸಿ, ಅದು ಬಂದ ದಾರಿಯನ್ನೇ ಹಿಡಿದು ತಯಾರಿಕೆಯ ಜಾಗ ಕಂಡುಕೊಂಡಿದ್ದರು. ಬೇರಿಂಗ್ ಕಂಪನಿ ಎಸ್‌ಕೆಎಫ್ ಕೂಡ ತನ್ನ ತಪಾಸಣೆ ಆ್ಯಪಿನಲ್ಲಿ ಗಿರಾಕಿಯಿಂದ ಫೋಟೊ ತರಿಸಿಕೊಂಡು ತನ್ನ ತಜ್ಞರಿಂದ ನೋಡಿಸುತ್ತದೆ. ಅಧಿಕೃತ ಡೀಲರಿಂದ ಕೊಳ್ಳುವುದೇ ಭದ್ರ ಎನ್ನುತ್ತದೆ. ಎರಡರಲ್ಲೂ ಉತ್ತರ ಸಿಕ್ಕಿದ್ದು ಡಬ್ಬಿಯ ಹೊರಗೆ.

ಆದ್ದರಿಂದ ಗಿರಾಕಿಗೆ ‘ಹಾಲೋಗ್ರಾಮ್ ನೋಡಿ ಖರೀದಿಸಿ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ನೋಡಲು ಹೇಳುವ ಕಂಪನಿ ಏನನ್ನು ನೋಡಬೇಕೆಂದು ತೋರಿಸಬೇಕು. ಔಷಧದಂಥ ವಸ್ತುವಿನಲ್ಲಿ ಸಂಖ್ಯೆ ರದ್ದು ಮಾಡುವ ಹೊಣೆ ಕೌಂಟರಿನದಾಗಬೇಕು. ನನ್ನ ವರ್ಕ್‌ಶಾಪಿನಲ್ಲಿ ಬದಲಾದದ್ದು ಎರಡೇ. ಡಬ್ಬಿಯ ಕೋಡು ತೆರೆದ ಪುಟವನ್ನು ನಾವು ಈಗ ನಂಬುವುದಿಲ್ಲ. ಕಂಪನಿಯ ವಿಳಾಸವನ್ನು ನಾವೇ ಟೈಪ್ ಮಾಡಿ ಅಲ್ಲಿ ಸಂಖ್ಯೆ ಕೊಡುತ್ತೇವೆ. ಮತ್ತು ಅಧಿಕೃತ ಡೀಲರಿನ ಜಿಎಸ್‌ಟಿ ಬಿಲ್ ಇಲ್ಲದ ಬೇರಿಂಗ್ ಸ್ಟೋರಿನೊಳಗೆ ಬರುವುದಿಲ್ಲ. ಆ ಹಳೆಯ ಎರಡು ಡಬ್ಬಿಗಳು ಸ್ಟೋರಿನ ಬಾಗಿಲ ಪಕ್ಕದಲ್ಲಿ ಜೊತೆಜೊತೆಗೆ ಕೂತಿವೆ. ಹೊಸದಾಗಿ ಸೇರುವ ಹುಡುಗರಿಗೆ ಮೊದಲ ದಿನವೇ ಎರಡನ್ನೂ ಕೈಗೆ ಕೊಟ್ಟು ವಾಲಿಸಿ ನೋಡಲು ಹೇಳುತ್ತೇನೆ.