ಬಾಡಿಗೆ ನಾಲಿಗೆಯ ವ್ಯಾಪಾರ

ಮುಂಬೈ ಉಪನಗರಗಳ ಸ್ಟೇಷನ್ ರಸ್ತೆಗಳಲ್ಲಿ ಒಂದು ವ್ಯಾಪಾರ ಬಹುಕಾಲದಿಂದ ನಡೆಯುತ್ತಿದೆ. ಕಾಲ್ ಸೆಂಟರ್ ಕೆಲಸ ಬೇಕಾದವರಿಗೆ ಅಮೆರಿಕನ್ ಆಕ್ಸೆಂಟ್ ಕಲಿಸಿಕೊಡುತ್ತೇವೆ ಎನ್ನುವ ವ್ಯಾಪಾರ. ಅಲ್ಲಿ ಮಾರಾಟವಾಗುವುದು ಇಂಗ್ಲಿಷಲ್ಲ, ಹೆದರಿಕೆ. ಆ ಹೆದರಿಕೆಗೆ ಬೇಗ ಸಿಕ್ಕಿಬೀಳುವವರಲ್ಲಿ ಮುಂಬೈ ಕನ್ನಡಿಗರ ಮಕ್ಕಳೂ ಇದ್ದಾರೆ. ಮನೆಯಲ್ಲಿ ತುಳುವೋ ಕನ್ನಡವೋ, ಓಣಿಯಲ್ಲಿ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ. ಇಂಗ್ಲಿಷ್ ಅವರಿಗೆ ನಾಲ್ಕನೆಯ ಭಾಷೆ. ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಅಂಥ ಶಾಲೆಯಿಂದ ಬಂದವರಿಗೆ ‘ನಿನ್ನ ನಾಲಿಗೆಯೇ ಸರಿಯಿಲ್ಲ’ ಎಂದರೆ ನಂಬಿಬಿಡುತ್ತಾರೆ.

ಈ ಮಾತು ಸುಳ್ಳೆನ್ನುವುದಕ್ಕೆ ಪರೀಕ್ಷೆಯ ಅಂಕಪಟ್ಟಿಯೇ ಸಾಕ್ಷಿ. ವಾಯ್ಸ್ ಪ್ರೊಸೆಸ್ಸಿಗೆ ಆಳು ಆರಿಸುವ ಹಲವು ಕಂಪನಿಗಳು ವರ್ಸಂಟ್ ಎಂಬ ಮಾತಿನ ಪರೀಕ್ಷೆ ಬಳಸುತ್ತವೆ. ಕಿವಿಗೆ ಹೆಡ್‌ಫೋನು ಹಾಕಿಕೊಂಡು ವಾಕ್ಯ ಓದಬೇಕು, ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳಬೇಕು, ಚೆಲ್ಲಾಪಿಲ್ಲಿಯಾದ ಪದಗಳನ್ನು ವಾಕ್ಯವಾಗಿ ಜೋಡಿಸಬೇಕು, ಸಣ್ಣ ಕಥೆ ಕೇಳಿ ತನ್ನ ಮಾತಿನಲ್ಲಿ ಹೇಳಬೇಕು. ಅದರ ಮೂಲ ಇಂಗ್ಲಿಷ್ ಪರೀಕ್ಷೆಯಲ್ಲಿ ವಾಕ್ಯರಚನೆಗೆ ನೂರರಲ್ಲಿ 30, ಸರಾಗ ಮಾತಿಗೆ 30, ಪದಸಂಪತ್ತಿಗೆ 20, ಉಚ್ಚಾರಕ್ಕೆ 20. ಅಂದರೆ ಉಚ್ಚಾರ ಐದರಲ್ಲಿ ಒಂದು ಪಾಲು. ಆ ಪಾಲಿನಲ್ಲೂ ಕೇಳುವುದು ಅರ್ಥವಾಗುವಂತೆ ಮಾತಾಡುವುದನ್ನು, ಅಮೆರಿಕದವರಂತೆ ಮಾತಾಡುವುದನ್ನಲ್ಲ. ಕ್ಲಾಸಿನವರು ಆ ಒಂದು ಪಾಲಿಗೆ ಪೂರಾ ಫೀಸು ವಸೂಲು ಮಾಡಿ, ಉಳಿದ ನಾಲ್ಕು ಪಾಲನ್ನು ಅಭ್ಯರ್ಥಿಯ ಹಣೆಬರಹಕ್ಕೆ ಬಿಡುತ್ತಾರೆ.

ಸಂದರ್ಶಕರು ‘ಎಂಟಿಐ ಜಾಸ್ತಿ’ ಎಂದು ಬರೆದು ವಾಪಸು ಕಳಿಸುವುದಿಲ್ಲವೇ ಎಂದು ಕೇಳಬಹುದು. ಕಳಿಸುತ್ತಾರೆ. ಎಂಟಿಐ ಎಂದರೆ ಇಂಗ್ಲಿಷಿನ ಮೇಲೆ ಬೀಳುವ ತಾಯ್ನುಡಿಯ ನೆರಳು. ಆದರೆ ಕನ್ನಡದ ನೆರಳು ಎಲ್ಲೆಲ್ಲಿ ಬೀಳುತ್ತದೆ ಎಂದು ಬೆರಳಿಟ್ಟು ತೋರಿಸಬಹುದು. ಕನ್ನಡದ ಬಾಯಿ ಪದದ ಕೊನೆಗೆ ಉಕಾರ ಸೇರಿಸುತ್ತದೆ: ಕಾರ್ಡು, ಬ್ಯಾಂಕು. ಎಕಾರದ ಮುಂದೆ ಯಕಾರ ತರುತ್ತದೆ: ಎಮ್ ಎನ್ನುವ ಅಕ್ಷರ ಯೆಮ್ ಆಗುತ್ತದೆ. ಒತ್ತನ್ನು ಪದದ ಮೊದಲಿಗೆ ಹಾಕುತ್ತದೆ. ಕರಾವಳಿಯವರು ಮುಂಬೈಗೆ ಬಂದು ತಲೆಮಾರುಗಳಿಂದ ನಡೆಸುತ್ತಿರುವ ಹೋಟೆಲಿನ ಹೆಸರಲ್ಲೇ ಇದು ಕೇಳಿಸುತ್ತದೆ. ಕನ್ನಡಿಗರ ಒತ್ತು ‘ಹೋ’ ಮೇಲೆ, ಇಂಗ್ಲಿಷಿನವರ ಒತ್ತು ‘ಟೆಲ್’ ಮೇಲೆ.

ಇವುಗಳಲ್ಲಿ ಯಾವುದು ಕೆಲಸ ಕೆಡಿಸುತ್ತದೆ, ಯಾವುದು ಕೆಡಿಸುವುದಿಲ್ಲ ಎಂಬುದೇ ಮುಖ್ಯ. ಕಾರ್ಡು ಎಂದರೂ ಗ್ರಾಹಕನಿಗೆ ಕಾರ್ಡ್ ಎಂದೇ ತಿಳಿಯುತ್ತದೆ. ಆದರೆ ಥರ್ಟೀನ್ ಎನ್ನುವಾಗ ಒತ್ತು ‘ಟೀನ್’ ಮೇಲೆ ಬೀಳದಿದ್ದರೆ 13ನೇ ತಾರೀಖು 30 ಎಂದು ಕೇಳಿಸಿ, ಕಂತು ತಪ್ಪಿ ದಂಡ ಬೀಳುತ್ತದೆ. ಅಮೆರಿಕದಲ್ಲಿ ಇಂಗ್ಲಿಷಿನ ಕೊನೆಯ ಅಕ್ಷರ ಝೆಡ್ ಅಲ್ಲ, ಝೀ. ಅದನ್ನೂ ಜಿ ಅಕ್ಷರವನ್ನೂ ಒಂದೇ ‘ಜೀ’ ಎಂದು ಹೇಳಿದರೆ ಇಮೇಲ್ ಇನ್ಯಾರಿಗೋ ಹೋಗುತ್ತದೆ. ಇಂಥ ಕಡೆ ಬೇಕಾದದ್ದು ಆಕ್ಸೆಂಟಲ್ಲ, ‘ಝೀ ಫಾರ್ ಝೀಬ್ರಾ’ ಎಂದು ಬಿಡಿಸಿ ಹೇಳುವ ಅಭ್ಯಾಸ. ಅದಕ್ಕೆ ಕ್ಲಾಸೂ ಬೇಡ. ಹತ್ತು ತಾರೀಖು, ಹತ್ತು ಫೋನ್ ನಂಬರು, ಹತ್ತು ಇಮೇಲ್ ವಿಳಾಸ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಚೀಟಿ ನೋಡದ ತಂಗಿಗೋ ಗೆಳೆಯನಿಗೋ ಕೇಳಿಸಿ ಬರೆಸಿದರೆ ಸಾಕು. ಅವರು ತಪ್ಪಾಗಿ ಬರೆದದ್ದಷ್ಟೇ ತಿದ್ದಬೇಕಾದ ಉಚ್ಚಾರ.

ಬಾಡಿಗೆ ತಂದ ನಾಲಿಗೆಗೆ ಇನ್ನೊಂದು ದೋಷವಿದೆ. ಬಾಯಿಪಾಠ ಮಾಡಿದ ಸ್ವಪರಿಚಯ ಮುಗಿಯುವ ತನಕ ಅದು ನಿಲ್ಲುತ್ತದೆ. ‘ನಿನ್ನೆ ಏನು ಮಾಡಿದೆ?’ ಎಂಬ ಎದುರು ಪ್ರಶ್ನೆ ಬಂದೊಡನೆ ಬಿದ್ದುಹೋಗುತ್ತದೆ. ಆಗ ಸಂದರ್ಶಕರಿಗೆ ಕೇಳಿಸುವುದು ಒಬ್ಬರ ಬಾಯಲ್ಲಿ ಇಬ್ಬರ ಇಂಗ್ಲಿಷ್.

ಟೈಪಿಂಗ್ ಪರೀಕ್ಷೆಯ ವಿಷಯದಲ್ಲೂ ಇದೇ ಮೋಸ. ‘ಸ್ಪೀಡ್ ಬರಲಿ, ತಪ್ಪು ಆಮೇಲೆ ನೋಡೋಣ’ ಎಂದು ಹೇಳಿಕೊಡುತ್ತಾರೆ. ಲೆಕ್ಕ ಹಾಕಿ ನೋಡಬೇಕು. ಟೈಪಿಂಗಿನಲ್ಲಿ ಖಾಲಿ ಜಾಗವೂ ಸೇರಿ ಐದು ಒತ್ತುಗಳಿಗೆ ಒಂದು ಪದ. ಐದು ನಿಮಿಷದಲ್ಲಿ 1000 ಒತ್ತು ಹೊಡೆದರೆ 200 ಪದ, ಅಂದರೆ ನಿಮಿಷಕ್ಕೆ 40. ತಿದ್ದದೆ ಉಳಿದ ತಪ್ಪು 25 ಇದ್ದರೆ ನಿಮಿಷಕ್ಕೆ ಐದು ಕಳೆದು ನಿವ್ವಳ ವೇಗ 35. ನಿಧಾನವಾಗಿ 900 ಒತ್ತು ಹೊಡೆದು ತಪ್ಪು ಐದೇ ಉಳಿಸಿಕೊಂಡವರಿಗೂ 36 ಕಡಿತದ ನಂತರ 35 ಉಳಿಯುತ್ತದೆ. ವೇಗ ಎರಡೂ ಕಡೆ ಒಂದೇ. ಆದರೆ ನಿಖರತೆಗೆ ಬೇರೆ ಗೆರೆ ಎಳೆದಿರುವ ಕಡೆ ಮೊದಲನೆಯವರು ಬೀಳಬಹುದು, ಎರಡನೆಯವರು ದಾಟುತ್ತಾರೆ. ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಸರಸರ ಹೊಡೆಯುವವರು ಕೀಬೋರ್ಡ್ ಮುಂದೆ ತಡವರಿಸುವುದೂ ಇಲ್ಲೇ. ಇನ್ನು ನಿಜವಾದ ಕರೆಯಲ್ಲಿ ಯಾರೂ ಮುದ್ರಿತ ಹಾಳೆ ಮುಂದಿಡುವುದಿಲ್ಲ. ಗ್ರಾಹಕ ಹೆಸರು, ವಿಳಾಸ ಹೇಳುತ್ತಾ ಹೋಗುತ್ತಾನೆ, ಕೇಳುತ್ತಲೇ ಹೊಡೆಯಬೇಕು. ಹಾಗಾಗಿ ನೋಡಿ ಹೊಡೆಯುವ ಅಭ್ಯಾಸದ ಜೊತೆಗೆ ಮನೆಯಲ್ಲಿ ಯಾರಾದರೂ ಓದಿ ಹೇಳಿದ್ದನ್ನು ಹೊಡೆಯುವ ಅಭ್ಯಾಸವೂ ಬೇಕು.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಶಿಫ್ಟಿನ ಪ್ರಶ್ನೆಯದು. ‘ರೊಟೇಷನಲ್ ಶಿಫ್ಟ್ ಆಗುತ್ತಾ?’ ಎಂದರೆ ಕಣ್ಣು ಮುಚ್ಚಿ ‘ಯೆಸ್’ ಅನ್ನಬೇಕೆಂದು ಕ್ಲಾಸುಗಳು ಹೇಳಿಕೊಡುತ್ತವೆ. ಆ ಯೆಸ್‌ನ ಬೆಲೆ ಎಷ್ಟೆಂದು ಗಡಿಯಾರ ಹೇಳುತ್ತದೆ. ಡೊಂಬಿವಲಿಯ ಹುಡುಗಿಯೊಬ್ಬಳಿಗೆ ಐರೋಲಿಯ ಆಫೀಸಿನಲ್ಲಿ ನ್ಯೂಯಾರ್ಕಿನ ಬೆಳಗಿನ 9ರಿಂದ ಸಂಜೆ 6ರ ಕೆಲಸ ಸಿಕ್ಕಿತು ಎಂದುಕೊಳ್ಳೋಣ. ಅಲ್ಲಿನ ಬೇಸಿಗೆಯಲ್ಲಿ ಅದು ಇಲ್ಲಿ ಸಂಜೆ 6.30ರಿಂದ ನಸುಕಿನ 3.30. ನವೆಂಬರ್ ಮೊದಲ ಭಾನುವಾರ ಅಮೆರಿಕ ಗಡಿಯಾರ ಹಿಂದೆ ಸರಿಸುತ್ತದೆ. ಆಮೇಲೆ ಮಾರ್ಚ್ ಎರಡನೇ ಭಾನುವಾರದವರೆಗೆ 7.30ರಿಂದ 4.30. ಹೋಗುವಾಗ ಠಾಣೆಯಲ್ಲಿ ಇಳಿದು ಗಾಡಿ ಬದಲಿಸಿದರೆ ಆಯಿತು. ಬರುವಾಗ 3.30ಕ್ಕೆ ಲೋಕಲ್ಲೇ ಇಲ್ಲ. ಅದೇ ಬ್ರಿಟನ್ನಿನ ಕೆಲಸವಾದರೆ ಮಧ್ಯಾಹ್ನ 1.30ಕ್ಕೋ 2.30ಕ್ಕೋ ಶುರುವಾಗಿ ರಾತ್ರಿ ಮನೆ ಸೇರಬಹುದು. ‘ಯಾವ ದೇಶದ ಪ್ರೊಸೆಸ್?’ ಎಂಬ ಒಂದೇ ಪ್ರಶ್ನೆ ಅವಳ ಇಡೀ ವರ್ಷದ ನಿದ್ದೆಯನ್ನು ತೀರ್ಮಾನಿಸುತ್ತದೆ.

ಎರಡನೆಯ ಪ್ರಶ್ನೆ ವಾಹನದ್ದು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯ ಪ್ರಕಾರ ರಾತ್ರಿ 9.30ರಿಂದ ಬೆಳಗ್ಗೆ 7ರವರೆಗೆ ಹೆಂಗಸರನ್ನು ದುಡಿಸಲು ಅವರ ಒಪ್ಪಿಗೆ ಬೇಕು, ಸುರಕ್ಷತೆಯ ಜೊತೆಗೆ ಮನೆ ಬಾಗಿಲವರೆಗೆ ವಾಹನವನ್ನೂ ಕೊಡಬೇಕು. ಮನೆ ಬಾಗಿಲವರೆಗೆ, ಯಾವುದೋ ನಾಕಾದವರೆಗೆ ಅಲ್ಲ. ‘ಕ್ಯಾಬ್ ನಮ್ಮ ಬಿಲ್ಡಿಂಗಿನ ತನಕ ಬರುತ್ತದೆಯೇ?’ ಎಂದು ಅವಳು ಕೇಳಿದರೆ ಅದು ಅಧಿಕಪ್ರಸಂಗವಲ್ಲ, ಕಾನೂನು. ವಾರದ ರಜೆ ಯಾವ ದಿನ, ತರಬೇತಿ ಹಗಲೋ ರಾತ್ರಿಯೋ ಎಂಬುದನ್ನೂ ಆಫರ್ ಲೆಟರಿಗೆ ಸಹಿ ಹಾಕುವ ಮೊದಲೇ ಕೇಳಬೇಕು. ಇದನ್ನೆಲ್ಲ ಕೇಳಿದ್ದಕ್ಕೇ ಬೇಡವೆನ್ನುವ ಕೆಲಸದಲ್ಲಿ ಎಷ್ಟು ತಿಂಗಳು ನಿಲ್ಲಲಾದೀತು?

ಕಾಲ್ ಸೆಂಟರ್ ಬಿಟ್ಟುಬಂದ ಮಕ್ಕಳನ್ನು ಕಂಡು ‘ಅವರಿಗೆ ಇಂಗ್ಲಿಷ್ ಬರಲಿಲ್ಲ’ ಎಂದು ನೆಂಟರು ಷರಾ ಬರೆಯುತ್ತಾರೆ. ಅವರಲ್ಲಿ ಎಷ್ಟೋ ಜನರನ್ನು ಸೋಲಿಸಿದ್ದು ಇಂಗ್ಲಿಷಲ್ಲ, ಮೂರೂವರೆಯ ಸ್ಟೇಷನ್. ಆಕ್ಸೆಂಟ್ ಮಾರುವವರು ಆ ಸ್ಟೇಷನ್ನಿನ ಬಗ್ಗೆ ಒಂದು ಮಾತೂ ಹೇಳುವುದಿಲ್ಲ, ಅದರಲ್ಲಿ ಅವರಿಗೆ ಲಾಭವಿಲ್ಲ.